ಮೊದಲನೆಯ ನಡಿಗೆ: ಶಾಲೆಯ ಕಂಪ್ಯೂಟರ್ ಕೊಠಡಿಗಾಗಿ ಒಂದು ಪಾಠಯೋಜನೆ

ಪ್ರೌಢಶಾಲೆಯ ವಿದ್ಯಾರ್ಥಿಗೆ ನಡೆಯುವ ಮನುಷ್ಯನನ್ನು ಬರೆಯೆಂದು ಹೇಳಿದರೆ ಆತನು ಕಾಲುಗಳನ್ನು ಅಗಲಿಸಿದ ಒಂದು ಆಕೃತಿಯನ್ನು ಬರೆಯುತ್ತಾನೆ. ಅದನ್ನು ಕಂಪ್ಯೂಟರಿನ ತೆರೆಯ ಮೇಲೆ ನಡೆಯಿಸೆಂದು ಹೇಳಿದರೆ ಕಾಲುಗಳನ್ನು ಕೂಡಿಸಿದ ಮತ್ತೊಂದು ಆಕೃತಿಯನ್ನು ಬರೆದು, ಎರಡನ್ನೂ ಒಂದಾದ ಮೇಲೊಂದು ತೋರಿಸುತ್ತಾನೆ. ಆಗ ಕಾಲುಗಳು ಕತ್ತರಿಯಂತೆ ತೆರೆದು ಮುಚ್ಚುತ್ತವೆಯೇ ಹೊರತು ಮನುಷ್ಯನು ನಡೆಯುವುದಿಲ್ಲ. ಇದರಲ್ಲಿ ಕೊರತೆಯಾದುದು ಏನು ಎಂಬುದನ್ನು ವಿದ್ಯಾರ್ಥಿಯು ತಾನೇ ಕಂಡುಕೊಳ್ಳುವಂತೆ ಮಾಡುವುದು ಹೇಗೆಂಬುದೇ ಈ ಲೇಖನದ ವಿಷಯ. ಅನಿಮೇಷನ್ ಕಲೆಯಲ್ಲಿ ವಾಕ್ ಸೈಕಲ್ ಎಂದು ಹೆಸರಾಗಿರುವ, ಎರಡು ಹೆಜ್ಜೆಗಳು ಮುಗಿದು ಮತ್ತೆ ಮೊದಲಿನ ಭಂಗಿಗೇ ಬಂದು ಸೇರುವ ಚಿತ್ರಮಾಲೆಯನ್ನು ನಾವು ಇಲ್ಲಿ ‘ನಡಿಗೆಯ ಆವರ್ತ’ ಎಂದು ಕರೆದಿದ್ದೇವೆ.

ಈ ಯೋಜನೆಯನ್ನು ಬೀದರ ನಗರ, ಭಾಲ್ಕಿ ಮತ್ತು ಔರಾದಗಳ ಪ್ರೌಢಶಾಲೆಗಳ ಪರಿಸ್ಥಿತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಲಾಗಿದೆ. ತರಗತಿಯಲ್ಲಿ ನಲವತ್ತು ಮಂದಿ ಇರುತ್ತಾರೆಂದೂ, ನಡೆಯುವ ಸ್ಥಿತಿಯಲ್ಲಿರುವ ಯಂತ್ರಗಳು ಹತ್ತು ಎಂದೂ, ಅವಧಿಯೊಂದಕ್ಕೆ 40 ನಿಮಿಷಗಳೆಂದೂ ಇಟ್ಟುಕೊಂಡಿದ್ದೇವೆ. ಒಂದು ಯಂತ್ರಕ್ಕೆ ನಾಲ್ವರು ಎಂದಮೇಲೆ ಪ್ರತಿಯೊಬ್ಬನಿಗೂ ದೊರೆಯುವುದು ಹತ್ತು ನಿಮಿಷ ಮಾತ್ರ. ಆದುದರಿಂದ ಯಂತ್ರದ ಮುಂದೆ ಕುಳಿತು ಯೋಚಿಸುವುದು ದುಬಾರಿಯಾದ ಕೆಲಸ. ಯೋಚನೆಯೆಲ್ಲವೂ ಹೊರಗೆ ಮುಗಿದಿರತಕ್ಕದ್ದು. ನಾಲ್ಕು ಅವಧಿಗಳ ಈ ಪಾಠದಲ್ಲಿ ಮೊದಲೆರಡು ಅವಧಿಗಳು ಕಂಪ್ಯೂಟರ್ ಕೊಠಡಿಯ ಹೊರಗೆ ನಡೆಯುವುದಕ್ಕೆ ಇದೇ ಕಾರಣ. ನಾವು ಮೊದಲ ಸಲ ಈ ಕ್ರಮವನ್ನು ಅನುಸರಿಸದೆ ನೇರವಾಗಿ ಯಂತ್ರದಿಂದಲೇ ಆರಂಭಿಸಿದೆವು. ನಾಲ್ವರಲ್ಲಿ ಚುರುಕಾದವನೊಬ್ಬನು ಮೌಸನ್ನು ಹಿಡಿದುಕೊಂಡನು; ಉಳಿದ ಮೂವರು ಅವನ ಬೆನ್ನನ್ನು ನೋಡುತ್ತ ಕಾಲ ಕಳೆದರು. ತಪ್ಪು ನಮ್ಮದಾಗಿತ್ತು.

ಮೊದಲನೆಯ ಅವಧಿಯು ಶಾಲೆಯ ಪಡಸಾಲೆಯಲ್ಲಿ ನಡೆಯಬೇಕು. ವಿದ್ಯಾರ್ಥಿಯೊಬ್ಬಳು ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು, ಕೈಯಲ್ಲಿ ಸೀಮೆಸುಣ್ಣವನ್ನು ಹಿಡಿದು, ಅದರ ತುದಿಯನ್ನು ಗೋಡೆಗೆ ತಾಗಿಸಿಕೊಂಡು ಸಹಜವಾಗಿ ಹತ್ತು ಹೆಜ್ಜೆ ನಡೆಯಲಿ. ಗೋಡೆಯ ಮೇಲೆ ಮೂಡುವುದು ನೇರವಾದ ಗೆರೆಯಲ್ಲ, ಅಲೆಯ ಗೆರೆ. ಎಣಿಸಿ ನೋಡಿದರೆ ಒಂದೊಂದು ಹೆಜ್ಜೆಗೂ ಒಂದೊಂದು ಉಬ್ಬು ಇರುತ್ತದೆ. ವಯಸ್ಕರ ನಡಿಗೆಯಲ್ಲಿ ಈ ಏರಿಳಿತವು ಸುಮಾರು ನಾಲ್ಕೈದು ಸೆಂಟಿಮೀಟರುಗಳಷ್ಟೇ ಆದುದರಿಂದ ದಿನವೂ ಕಂಡರೂ ಕಣ್ಣು ಅದನ್ನು ಗಮನಿಸುವುದಿಲ್ಲ. ಆದರೆ ಚಿತ್ರದಲ್ಲಿ ಅದು ಇಲ್ಲದೆ ಹೋದರೆ ಅದೇ ಕಣ್ಣು ಒಡನೆಯೇ ಮೋಸವನ್ನು ಹಿಡಿಯುತ್ತದೆ. ಕತ್ತರಿಯ ನಡಿಗೆಯಲ್ಲಿ ಕೊರತೆಯಾದುದು ಇದೇ. ಬಾಲಕನು ಕಾಲುಗಳನ್ನು ಬದಲಾಯಿಸಿದನು, ತಲೆಯನ್ನು ಇದ್ದಲ್ಲಿಯೇ ಬಿಟ್ಟನು.

ಇದೇ ಅವಧಿಯಲ್ಲಿ ಹೆಜ್ಜೆಗಳ ವೇಗವನ್ನೂ ಎಣಿಸಬೇಕು. ಬೀದರದಲ್ಲಿ ಚೌಬಾರದ ಸುತ್ತಿನ ರಸ್ತೆಯಲ್ಲಾಗಲಿ, ಭಾಲ್ಕಿಯ ರೈಲು ನಿಲ್ದಾಣದಲ್ಲಾಗಲಿ, ಔರಾದದ ಹೊಲದ ದಾರಿಯಲ್ಲಾಗಲಿ ನಡೆಯುವವರನ್ನು ದೂರದಿಂದ ನೋಡಿ, ಅರ್ಧ ನಿಮಿಷದಲ್ಲಿ ಅವರು ಇಟ್ಟ ಹೆಜ್ಜೆಗಳನ್ನು ಎಣಿಸಿ ಇಮ್ಮಡಿಸಿಕೊಂಡು ಬರುವಂತೆ ವಿದ್ಯಾರ್ಥಿಗಳಿಗೆ ಮನೆಗೆಲಸವನ್ನು ಕೊಡಬಹುದು. ಚುರುಕಾಗಿ ನಡೆಯುವವರು ನಿಮಿಷಕ್ಕೆ 120ರ ಆಸುಪಾಸಿನಲ್ಲಿ ಹೆಜ್ಜೆ ಇಡುತ್ತಾರೆ. ಹೊರೆ ಹೊತ್ತವರೂ ವೃದ್ಧರೂ 90ರ ಸಮೀಪಕ್ಕೆ ಇಳಿಯಬಹುದು. ಈ ಸಂಖ್ಯೆಗಳು ಮುಂದೆ ಯಂತ್ರಕ್ಕೆ ನೇರವಾಗಿ ಉಪಯೋಗಕ್ಕೆ ಬರುತ್ತವೆ.

ಎರಡನೆಯ ಅವಧಿಯಲ್ಲಿ ಆ ಅಲೆಗೆ ಕಾರಣವೇನೆಂದು ವಿಚಾರಿಸಬೇಕು. ಜ್ಯಾಮಿತಿಯ ಪೆಟ್ಟಿಗೆಯಲ್ಲಿರುವ ಕೈವಾರವನ್ನು ಮೇಜಿನ ಮೇಲೆ ನಿಲ್ಲಿಸಿ ಅದರ ಕಾಲುಗಳನ್ನು ಮೆಲ್ಲಗೆ ಅಗಲಿಸಿದರೆ ತಲೆ ಕೆಳಗಿಳಿಯುತ್ತದೆ, ಕೂಡಿಸಿದರೆ ಮೇಲೇರುತ್ತದೆ. ಮನುಷ್ಯನ ಕಾಲಿಗೂ ಉದ್ದವು ನಿಶ್ಚಿತವಾಗಿರುವುದರಿಂದ ಸೊಂಟಕ್ಕೂ ಇದೇ ಗತಿ. ಅನಂತರ ಕಡ್ಡಿಪೊರಕೆಯ ಎರಡು ಕಡ್ಡಿಗಳನ್ನು 13 ಸೆಂಟಿಮೀಟರಿಗೆ ಸರಿಯಾಗಿ ಕತ್ತರಿಸಿ, ಮೇಲ್ತುದಿಗಳನ್ನು ದಾರದಿಂದ ಕಟ್ಟಿ, ಕೆಳತುದಿಗಳು 10 ಸೆಂಟಿಮೀಟರ್ ದೂರವಿರುವಂತೆ ನಿಲ್ಲಿಸಿ, ಕಟ್ಟಿನ ಎತ್ತರವನ್ನು ಅಳೆಯಿಸಬೇಕು. ಅದು 12 ಸೆಂಟಿಮೀಟರ್ ಬರುತ್ತದೆ. ಕರ್ಣ 13, ಪಾದ 5, ಲಂಬ 12. ಪೈಥಾಗೊರಸನ ಪ್ರಮೇಯವನ್ನು ಗಣಿತದ ತರಗತಿಯಲ್ಲಿ ಕಲಿತ ವಿದ್ಯಾರ್ಥಿಗಳು ಈ ಮೂರು ಅಂಕಿಗಳನ್ನು ಕಂಡೊಡನೆ ಗುರುತಿಸುತ್ತಾರೆ. ಸೆಂಟಿಮೀಟರೊಂದಕ್ಕೆ ತೆರೆಯ ಹತ್ತು ಬಿಂದುಗಳೆಂದು ಹಿಡಿದರೆ ನಮ್ಮ ಆಕೃತಿಯ ಅಳತೆಗಳು ಸಿದ್ಧವಾದಂತೆಯೇ: ಕಾಲಿನ ಉದ್ದ 130 ಬಿಂದು, ಹೆಜ್ಜೆಯ ಉದ್ದ 100 ಬಿಂದು, ಕಾಲುಗಳು ಅಗಲಿದಾಗ ಸೊಂಟದ ಎತ್ತರ 120 ಬಿಂದು.

ಆದರೆ ಮನುಷ್ಯನು ಕೈವಾರವಲ್ಲ. ಅವನಿಗೆ ಮೊಣಕಾಲು ಇದೆ, ಹಿಮ್ಮಡಿ ಇದೆ. ಇವೆರಡರ ಕೆಲಸವನ್ನು ತೋರಿಸುವುದಕ್ಕಾಗಿ ಅನಿಮೇಷನ್ ಕಲಾವಿದರು ಒಂದು ಹೆಜ್ಜೆಯನ್ನು ನಾಲ್ಕು ಭಂಗಿಗಳಾಗಿ ವಿಂಗಡಿಸುತ್ತಾರೆ. ನಾವು ಅವುಗಳಿಗೆ ಊರು, ತಗ್ಗು, ದಾಟು, ಏರು ಎಂದು ಹೆಸರಿಟ್ಟಿದ್ದೇವೆ. ಮರಾಠಿ, ಉರ್ದು ಮತ್ತು ತೆಲುಗು ಮನೆಮಾತಿನ ಮಕ್ಕಳು ಕನ್ನಡದವರೊಡನೆ ಒಂದೇ ಬೆಂಚಿನ ಮೇಲೆ ಕುಳಿತುಕೊಳ್ಳುವ ಈ ಪ್ರದೇಶದಲ್ಲಿ ಚಿಕ್ಕ ಪದಗಳೇ ಲೇಸು. ‘ಊರು’ ಎಂದೊಡನೆ ಯಾವ ಊರೆಂದು ಕೇಳಿ ನಗುವವರು ಇದ್ದೇ ಇರುತ್ತಾರೆ. ನಕ್ಕ ಪದವನ್ನು ಯಾರೂ ಮರೆಯುವುದಿಲ್ಲ.

‘ಊರು’ ಭಂಗಿಯಲ್ಲಿ ಮುಂದಿನ ಕಾಲಿನ ಹಿಮ್ಮಡಿಯು ಆಗತಾನೇ ನೆಲಕ್ಕೆ ಊರಿರುತ್ತದೆ, ಸೊಂಟವು 120ರಲ್ಲಿರುತ್ತದೆ. ‘ತಗ್ಗು’ ಭಂಗಿಯಲ್ಲಿ ದೇಹದ ಭಾರವು ಆ ಕಾಲಿನ ಮೇಲೆ ಬೀಳುವುದರಿಂದ ಮೊಣಕಾಲು ಮಡಿಯುತ್ತದೆ. ಸೊಂಟವು 114ಕ್ಕೆ ಇಳಿಯುತ್ತದೆ. ಹಿಂದಿನ ಪಾದವು ನೆಲವನ್ನು ಬಿಡತೊಡಗುತ್ತದೆ. ‘ದಾಟು’ ಭಂಗಿಯಲ್ಲಿ ಊರಿದ ಕಾಲು ಬಹುಮಟ್ಟಿಗೆ ನೆಟ್ಟಗಾಗಿ ಸೊಂಟವು 128ಕ್ಕೆ ಏರುತ್ತದೆ. ಇನ್ನೊಂದು ಕಾಲು ಮೊಣಕಾಲಿನಲ್ಲಿ ಮಡಿದು ಅದರ ಪಕ್ಕದಲ್ಲಿ ಹಾಯುತ್ತದೆ. ‘ಏರು’ ಭಂಗಿಯಲ್ಲಿ ಊರಿದ ಪಾದದ ಹಿಮ್ಮಡಿಯು ಮೇಲೆದ್ದು ಬೆರಳುಗಳು ನೆಲವನ್ನು ಒತ್ತುತ್ತವೆ. ಸೊಂಟವು 132ಕ್ಕೆ ಬರುತ್ತದೆ. ಆ ಹೊತ್ತಿಗೆ ಊರಿದ ಪಾದವು ಸೊಂಟದಿಂದ 25 ಬಿಂದು ಹಿಂದೆ ಸರಿದಿರುವುದರಿಂದ, 130 ಉದ್ದದ ಕಾಲು ಸೊಂಟವನ್ನು ಸುಮಾರು 127ಕ್ಕಿಂತ ಹೆಚ್ಚು ಎತ್ತರದಲ್ಲಿ ಹಿಡಿಯಲಾರದು. ಉಳಿದ ಐದು ಬಿಂದುಗಳನ್ನು ಹಿಮ್ಮಡಿಯೇ ಒದಗಿಸಬೇಕು. ಹಿಮ್ಮಡಿಯನ್ನು ಎತ್ತದೆ ಸೊಂಟವನ್ನು ಮಾತ್ರ ಎತ್ತಿದ ವಿದ್ಯಾರ್ಥಿಯ ಚಿತ್ರದಲ್ಲಿ ಕಾಲು ರಬ್ಬರಿನಂತೆ ಉದ್ದವಾಗುತ್ತದೆ.

ಇಲ್ಲಿ ಒಂದು ಸಂಗತಿಯನ್ನು ಉಪಾಧ್ಯಾಯರು ತಿಳಿದಿರುವುದು ಒಳ್ಳೆಯದು. ಅಳೆದು ನೋಡಿದರೆ ನಿಜವಾದ ನಡಿಗೆಯಲ್ಲಿ ಸೊಂಟವು ಅತ್ಯಂತ ಎತ್ತರದಲ್ಲಿರುವುದು ‘ದಾಟು’ವಿನ ಸಮಯದಲ್ಲಿ. ಅದನ್ನು ಸ್ವಲ್ಪ ತಡಮಾಡಿ ‘ಏರು’ವಿನಲ್ಲಿ ತೋರಿಸುವುದು ಕಲಾವಿದರ ರೂಢಿ, ನೆಲವನ್ನು ಒತ್ತಿ ಮುಂದೆ ಚಿಮ್ಮುವ ಭಾವವು ಅದರಿಂದ ಸ್ಫುಟವಾಗುತ್ತದೆ. ಎಡ್ವರ್ಡ್ ಮೈಬ್ರಿಜನು 1887ರಲ್ಲಿ ಪ್ರಕಟಿಸಿದ 781 ಫಲಕಗಳ ಸಂಪುಟದಲ್ಲಿ ನಡೆಯುವವರ ಛಾಯಾಚಿತ್ರಗಳು ಅನೇಕವಾಗಿವೆ. ಅವುಗಳಲ್ಲಿ ಹಲವದರ ಹಿನ್ನೆಲೆಯಲ್ಲಿ ಚೌಕಳಿಯ ಗೆರೆಗಳಿರುವುದರಿಂದ ತಲೆ ಏರುವುದನ್ನೂ ಇಳಿಯುವುದನ್ನೂ ಅಳೆದೇ ನೋಡಬಹುದು. ಅಂಥ ಒಂದು ಫಲಕವನ್ನು ಮುದ್ರಿಸಿ ಗೋಡೆಗೆ ಹಚ್ಚಿದರೆ, ರೂಢಿಯು ಎಲ್ಲಿ ನಿಜದಿಂದ ಬೇರೆಯಾಗುತ್ತದೆಂಬುದನ್ನು ಮಕ್ಕಳೇ ಹುಡುಕಬಲ್ಲರು.

ಎರಡನೆಯ ಅವಧಿಯು ಮುಗಿಯುವ ಮೊದಲು ನಾಲ್ವರ ಗುಂಪಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಭಂಗಿಯನ್ನು ಹಂಚಿ, ಅದನ್ನು ಗ್ರಾಫ್ ಹಾಳೆಯ ಮೇಲೆ ಕಡ್ಡಿಯಾಕೃತಿಯಾಗಿ ಬರೆಯಿಸಬೇಕು. ನೋಡುವವನ ಬಲಕ್ಕೆ ನಡೆಯುವ ಆಕೃತಿಯಲ್ಲಿ ಅದರ ಬಲಗಾಲು ನಮಗೆ ಹತ್ತಿರವಿರುತ್ತದೆ. ಬಲಗಾಲನ್ನೂ ಬಲಗೈಯನ್ನೂ ಕೆಂಪಿನಿಂದ, ಎಡದವನ್ನು ನೀಲಿಯಿಂದ ಬರೆಯತಕ್ಕದ್ದು. ಬಣ್ಣವನ್ನು ಬಿಟ್ಟರೆ ಐದನೆಯ ಚಿತ್ರಕ್ಕೆ ಬರುವಷ್ಟರಲ್ಲಿ ಯಾವ ಕಾಲು ಯಾವುದೆಂದು ಉಪಾಧ್ಯಾಯರಿಗೂ ತಿಳಿಯದೆ ಹೋಗುತ್ತದೆ. ಕೆಂಪು ಕಾಲು ಮುಂದಿದ್ದಾಗ ನೀಲಿ ಕೈ ಮುಂದಿರಬೇಕು. ಒಂದೇ ಬಣ್ಣದ ಕೈಕಾಲುಗಳೆರಡೂ ಮುಂದೆ ಬಂದಿದ್ದರೆ ತಪ್ಪು ದೂರದಿಂದಲೇ ಕಾಣುತ್ತದೆ.

ಮೂರನೆಯ ಮತ್ತು ನಾಲ್ಕನೆಯ ಅವಧಿಗಳು ಯಂತ್ರಕ್ಕೆ ಮೀಸಲು. ನಾವು Pencil2D ಎಂಬ ತಂತ್ರಾಂಶವನ್ನು ಆರಿಸಿಕೊಂಡಿದ್ದೇವೆ. ಅದು ಉಚಿತವಾಗಿ ದೊರೆಯುತ್ತದೆ, ಲಿನಕ್ಸ್ ಮತ್ತು ವಿಂಡೋಸ್ ಎರಡರಲ್ಲಿಯೂ ನಡೆಯುತ್ತದೆ, ಅದರಲ್ಲಿ ಕಲಿಯಬೇಕಾದ ಗುಂಡಿಗಳು ಕೆಲವೇ. ಸಿದ್ಧ ಆಕೃತಿಗಳಿಗೆ ನಡಿಗೆಯನ್ನು ತಾವೇ ಜೋಡಿಸಿಕೊಡುವ ತಂತ್ರಾಂಶಗಳೂ ಇವೆ. ಮೊದಲ ಪಾಠಕ್ಕೆ ಅವು ಬೇಡವೆಂಬುದು ನಮ್ಮ ಅಭಿಪ್ರಾಯ, ಏಕೆಂದರೆ ಅಲ್ಲಿ ಮಗುವಿಗೆ ತಪ್ಪುವ ಅವಕಾಶವೇ ಇಲ್ಲ. ತರಗತಿಗೆ ಮೊದಲೇ ಉಪಾಧ್ಯಾಯರು ಎಲ್ಲ ಯಂತ್ರಗಳಲ್ಲಿಯೂ Preferences ಒಳಗೆ Gridನ ಅಗಲ ಮತ್ತು ಎತ್ತರಗಳನ್ನು 25ಕ್ಕೆ ಇಟ್ಟು, View ಪಟ್ಟಿಯಿಂದ Grid ಅನ್ನು ತೋರುವಂತೆ ಮಾಡಿರಬೇಕು. ಈ ಚೌಕಳಿಯ ಒಂದು ಅಡ್ಡಗೆರೆಯೇ ನೆಲ. ಅದರಿಂದ ಐದನೆಯ ಗೆರೆ 125 ಬಿಂದುಗಳ ಎತ್ತರದಲ್ಲಿರುತ್ತದೆ. ಹಾಗಾಗಿ ‘ಊರು’ವಿನ ಸೊಂಟವು ಐದನೆಯ ಗೆರೆಗೆ ತುಸು ಕೆಳಗೆ, ‘ತಗ್ಗು’ವಿನದು ಅದಕ್ಕಿಂತಲೂ ಕೆಳಗೆ ಹೆಚ್ಚುಕಡಿಮೆ ಅರ್ಧ ಚೌಕದಲ್ಲಿ, ‘ದಾಟು’ವಿನದು ಗೆರೆಗೆ ತುಸು ಮೇಲೆ, ‘ಏರು’ವಿನದು ಇನ್ನೂ ಕೊಂಚ ಮೇಲೆ ಎಂದು ಹೇಳಿದರೆ ಸಾಕು. ಮೌಸಿನಿಂದ ಬರೆಯುವ ಕೈಗೆ ಇದಕ್ಕಿಂತ ಹೆಚ್ಚಿನ ನಿಖರತೆಯನ್ನು ನಿರೀಕ್ಷಿಸಲಾಗದು.

ಒಟ್ಟು ಎಂಟು ಚಿತ್ರಗಳು. ಮೊದಲ ನಾಲ್ಕು ಬಲಗಾಲು ಊರಿದ ಹೆಜ್ಜೆ. ಮುಂದಿನ ನಾಲ್ಕು ಅವೇ ಭಂಗಿಗಳು, ಬಣ್ಣ ಮಾತ್ರ ಅದಲುಬದಲು. ಆದರೆ ಇವುಗಳನ್ನು ಒಂದರಿಂದ ಎಂಟರವರೆಗೆ ಸಾಲಾಗಿ ಬರೆಯಬಾರದು. ಹಾಗೆ ಬರೆದರೆ ಆಕೃತಿಯು ಚಿತ್ರದಿಂದ ಚಿತ್ರಕ್ಕೆ ಸ್ವಲ್ಪಸ್ವಲ್ಪವಾಗಿ ಬೆಳೆದೋ ಕುಗ್ಗಿಯೋ ಎಂಟನೆಯದು ಮೊದಲನೆಯದಕ್ಕೆ ಹೊಂದದೆ ಹೋಗುತ್ತದೆ. ಮೊದಲು 1 ಮತ್ತು 5, ಅಂದರೆ ‘ಊರು’ವಿನ ಎರಡು ರೂಪಗಳು, ಆಮೇಲೆ 3 ಮತ್ತು 7, ‘ದಾಟು’, ಅನಂತರವೇ 2, 6 ಮತ್ತು 4, 8. Onion Skin ಎಂಬ ಗುಂಡಿಯನ್ನು ಒತ್ತಿದರೆ ಹಿಂದಿನ ಮತ್ತು ಮುಂದಿನ ಚಿತ್ರಗಳು ಮಸುಕಾಗಿ ಕೆಳಗೆ ಕಾಣುವುದರಿಂದ ಅವುಗಳ ನಡುವೆ ಬರೆಯುವುದು ಸುಲಭವಾಗುತ್ತದೆ. ತನ್ನ ಭಂಗಿಯ ಎರಡು ಚಿತ್ರಗಳನ್ನೂ ಆಯಾ ವಿದ್ಯಾರ್ಥಿಯೇ ಬರೆಯತಕ್ಕದ್ದು. ಗ್ರಾಫ್ ಹಾಳೆಯನ್ನು ಹಿಡಿದವರ ಕೈಗೇ ಮೌಸು ಹೋಗುತ್ತದೆ. ಮೌಸಿನ ಜಗಳವು ಇದರಿಂದ ಬಹಳಮಟ್ಟಿಗೆ ತಪ್ಪುತ್ತದೆ. ವಿದ್ಯುತ್ತು ಯಾವಾಗ ಹೋದೀತೆಂದು ಹೇಳಲಾಗದ ಕಡೆ, ಕೈ ಬದಲಾದಾಗಲೆಲ್ಲ ಕಡತವನ್ನು ಉಳಿಸುವುದನ್ನೂ ಇದೇ ನಿಯಮಕ್ಕೆ ಸೇರಿಸಬೇಕು.

ಊರಿದ ಪಾದದ ವಿಷಯವು ಎಲ್ಲಕ್ಕಿಂತ ಸೂಕ್ಷ್ಮವಾದುದು. ಆಕೃತಿಯನ್ನು ತೆರೆಯ ನಡುವೆ ನಿಲ್ಲಿಸಿಯೇ ನಡೆಯಿಸುವುದರಿಂದ, ವಾಸ್ತವದಲ್ಲಿ ಅಲುಗದೆ ಇರುವ ಊರಿದ ಪಾದವು ಇಲ್ಲಿ ಹಿಂದಕ್ಕೆ ಸರಿಯಬೇಕಾಗುತ್ತದೆ. ಸೊಂಟದ ನೇರದಿಂದ ಎಣಿಸಿದರೆ ಅದು ಮೊದಲನೆಯ ಚಿತ್ರದಲ್ಲಿ 50 ಬಿಂದು ಮುಂದೆ, ಎರಡನೆಯದರಲ್ಲಿ 25 ಮುಂದೆ, ಮೂರನೆಯದರಲ್ಲಿ ನೇರ ಕೆಳಗೆ, ನಾಲ್ಕನೆಯದರಲ್ಲಿ 25 ಹಿಂದೆ, ಐದನೆಯದರಲ್ಲಿ 50 ಹಿಂದೆ. ಪ್ರತಿ ಸಲವೂ ಒಂದೇ ಚೌಕ. ಮಕ್ಕಳು ಸಾಮಾನ್ಯವಾಗಿ ಮೊದಲ ಸರಿತವನ್ನು ದೊಡ್ಡದಾಗಿಯೂ ಉಳಿದವನ್ನು ಚಿಕ್ಕದಾಗಿಯೂ ಮಾಡುತ್ತಾರೆ. ಆಗ ಆಕೃತಿಯು ಹಸಿ ಮಣ್ಣಿನಲ್ಲಿ ಕಾಲು ಜಾರಿದಂತೆ ನಡೆಯುತ್ತದೆ. ಬರೆದವರಿಗೆ ಏನೋ ತಪ್ಪಾಗಿದೆಯೆಂದು ಅನಿಸಿದರೂ ಎಲ್ಲಿ ತಪ್ಪಿತೆಂದು ತಿಳಿಯುವುದಿಲ್ಲ.

ಇದನ್ನು ಕಂಡುಹಿಡಿಯಲು ಸರಳವಾದ ಒಂದು ಪರೀಕ್ಷೆಯಿದೆ. ಇನ್ನೊಂದು ಪದರದಲ್ಲಿ ನೆಲದ ಗೆರೆಯ ಮೇಲೆ 100 ಬಿಂದುಗಳಿಗೊಂದರಂತೆ ಕಲ್ಲುಗಳನ್ನು ಬರೆದು, ಪ್ರತಿ ಚಿತ್ರದಲ್ಲಿಯೂ ಅವನ್ನು ಒಂದು ಚೌಕ ಎಡಕ್ಕೆ ಸರಿಸಬೇಕು. ನಾಲ್ಕು ಚಿತ್ರಗಳಲ್ಲಿ ಪ್ರತಿಯೊಂದು ಕಲ್ಲೂ ತನ್ನ ಹಿಂದಿನ ಕಲ್ಲಿದ್ದ ಜಾಗಕ್ಕೆ ಬರುವುದರಿಂದ, ನೆಲವು ನಾಲ್ಕೇ ಚಿತ್ರಗಳ ಆವರ್ತವಾಗುತ್ತದೆ. ಅವನ್ನೇ ಎರಡು ಸಲ ಬಳಸಿದರೆ ಎಂಟಕ್ಕೆ ಸರಿಹೋಯಿತು. ಒಂದು ಕಲ್ಲನ್ನು ಮೊದಲನೆಯ ಚಿತ್ರದ ಊರಿದ ಪಾದದ ಅಡಿಯಲ್ಲಿಯೇ ಇಟ್ಟಿದ್ದರೆ, ಪಾದವೂ ಕಲ್ಲೂ ಜೊತೆಯಾಗಿಯೇ ಹಿಂದೆ ಹೋಗಬೇಕು. ಯಾವ ಚಿತ್ರದಲ್ಲಿ ಅವು ಅಗಲುತ್ತವೆಯೋ ಆ ಚಿತ್ರವೇ ತಪ್ಪು.

ಇನ್ನು ವೇಗ. ತಂತ್ರಾಂಶವು ತೆರೆದಾಗ ಸೆಕೆಂಡಿಗೆ 12 ಚಿತ್ರಗಳಿಗೆ ಹೊಂದಿಕೊಂಡಿರುತ್ತದೆ. ನಾವು ಅದನ್ನು ಗಮನಿಸದೆ ಬಿಟ್ಟಾಗ, ಕೋಲು ಹಿಡಿದ ಅಜ್ಜಿಯೊಬ್ಬಳು ತೆರೆಯ ಮೇಲೆ ಓಡತೊಡಗಿ ತರಗತಿಯೆಲ್ಲ ನಗೆಗಡಲಾಯಿತು. ಹೆಜ್ಜೆಗೆ ನಾಲ್ಕು ಚಿತ್ರಗಳಂತೆ 12 ಚಿತ್ರಗಳೆಂದರೆ ಸೆಕೆಂಡಿಗೆ ಮೂರು ಹೆಜ್ಜೆ, ನಿಮಿಷಕ್ಕೆ 180. ಅದು ಓಟವೇ ಸರಿ. ನಿಮಿಷದ ಹೆಜ್ಜೆಗಳನ್ನು 15ರಿಂದ ಭಾಗಿಸಿದರೆ ಬೇಕಾದ ಸಂಖ್ಯೆ ದೊರೆಯುತ್ತದೆ. ರಸ್ತೆಯಲ್ಲಿ ಎಣಿಸಿಕೊಂಡು ಬಂದ 120ಕ್ಕೆ FPS 8. 90ಕ್ಕೆ FPS 6. ಮೊದಲ ದಿನದ ಎಣಿಕೆಯು ಇಲ್ಲಿ ಫಲಕ್ಕೆ ಬರುತ್ತದೆ.

ಆವರ್ತವನ್ನು ಮರಳಿ ಮರಳಿ ಓಡಿಸಿದಾಗ ಪ್ರತಿ ಸುತ್ತಿನ ಕೊನೆಯಲ್ಲಿ ಆಕೃತಿಯು ಕ್ಷಣಕಾಲ ತಡೆದು ನಿಂತಂತೆ ಕಂಡರೆ, ಯಾರೋ ಒಂಬತ್ತನೆಯ ಚಿತ್ರವೊಂದನ್ನು ಸೇರಿಸಿದ್ದಾರೆಂದು ತಿಳಿಯಬೇಕು. ಎಂಟರ ಮುಂದಿನದು ಒಂದೇ ಆದುದರಿಂದ ಮತ್ತೊಮ್ಮೆ ‘ಊರು’ವನ್ನು ಬರೆಯಬೇಕೆಂಬ ಆಸೆ ಸಹಜ, ಆದರೆ ಆಗ ಒಂದೇ ಚಿತ್ರವು ಎರಡು ಸಲ ತೋರುತ್ತದೆ. ಅದನ್ನು ತೆಗೆದರೆ ನಡಿಗೆ ಸುಗಮವಾಗುತ್ತದೆ.

ಬೇಗ ಮುಗಿಸಿದ ಗುಂಪಿಗೆ ಕೊಡಲು ನಾವು ಒಂದು ಎರಡನೆಯ ಸಮಸ್ಯೆಯನ್ನು ಇಟ್ಟುಕೊಂಡಿದ್ದೇವೆ. ತಲೆಯ ಮೇಲೆ ಮೇವಿನ ಹೊರೆಯನ್ನೋ ನೀರಿನ ಕೊಡವನ್ನೋ ಹೊತ್ತು ಬರುವ ಹೆಂಗಸನ್ನು ನಡೆಯಿಸಬೇಕು. ಕೊಡದ ನೀರು ತುಳುಕಬಾರದು. ಮೊದಲ ಆಕೃತಿಗೇ ಕೊಡವನ್ನು ಬರೆದರೆ ಅದು ಪ್ರತಿ ಹೆಜ್ಜೆಗೂ 18 ಬಿಂದುಗಳಷ್ಟು ಕುಣಿಯುತ್ತದೆ. ಹಾಗಾದರೆ ಏನನ್ನು ಬದಲಾಯಿಸಬೇಕು? ಕೆಲವರು ತಲೆಯನ್ನು ಸಮಮಟ್ಟದಲ್ಲಿ ಬರೆದು ಕುತ್ತಿಗೆಯನ್ನು ಚಿಕ್ಕದು ದೊಡ್ಡದು ಮಾಡುತ್ತಾರೆ. ಕಡ್ಡಿಗಳನ್ನು ಮತ್ತೆ ಕೈಗೆ ಕೊಟ್ಟಾಗ ಉತ್ತರವು ಹೊಳೆಯುತ್ತದೆ: ಹೆಜ್ಜೆಯನ್ನು ಗಿಡ್ಡಮಾಡಬೇಕು. 130ರ ಕಾಲಿಗೆ ಹೆಜ್ಜೆಯು 64 ಆದರೆ ಅದರ ಅರ್ಧ 32. ಆಗ ‘ಊರು’ವಿನಲ್ಲಿ ಸೊಂಟದ ಎತ್ತರ ಸರಿಯಾಗಿ 126. ಸೊಂಟವು ನಾಲ್ಕೇ ಬಿಂದು ಇಳಿಯಿತು. ಉಳಿದ ಮೂರನ್ನು 124, 128, 129 ಎಂದು ಇಟ್ಟುಕೊಂಡರೆ ಕೊಡದ ಏರಿಳಿತವು 5 ಬಿಂದುಗಳಲ್ಲಿ ನಿಲ್ಲುತ್ತದೆ. ‘ಏರು’ವಿನಲ್ಲಿ ಹಿಮ್ಮಡಿಯನ್ನು ಎತ್ತುವ ಪ್ರಮೇಯವೇ ಬರುವುದಿಲ್ಲ. ಪಾದವೂ ಕಲ್ಲುಗಳೂ ಪ್ರತಿ ಚಿತ್ರಕ್ಕೆ 16 ಬಿಂದು ಸರಿಯುತ್ತವೆ, ಕಲ್ಲುಗಳ ನಡುವಣ ಅಂತರ 64 ಆಗುತ್ತದೆ. ಚೌಕಳಿಯನ್ನೂ 16ಕ್ಕೆ ಬದಲಾಯಿಸಬೇಕು. FPS 6ರಲ್ಲಿ ಅವಳು ಸೆಕೆಂಡಿಗೆ 96 ಬಿಂದು ಸಾಗುತ್ತಾಳೆ, ಮೊದಲನೆಯ ಆಕೃತಿ ಸಾಗಿದುದು 200. ಕೈಗಳಲ್ಲಿ ಒಂದು ಕೊಡವನ್ನು ಹಿಡಿದಿರುವುದರಿಂದ ಬೀಸುವುದು ಇನ್ನೊಂದು ಮಾತ್ರ. ಬಣ್ಣದ ನಿಯಮವು ಅದೊಂದಕ್ಕೇ ಅನ್ವಯಿಸುತ್ತದೆ.

ಈ ಪ್ರದೇಶದ ಮಕ್ಕಳು ಇದಾದ ಮೇಲೆ ತಮ್ಮ ಮನೆಯ ದೇವಣಿ ಎತ್ತನ್ನು ನಡೆಯಿಸಬೇಕೆಂದು ಕೇಳುವುದುಂಟು. ಮೊದಲ ಪಾಠದಲ್ಲಿ ಅದಕ್ಕೆ ಎಡೆಗೊಡದಿರುವುದೇ ಸೂಕ್ತ. ನಾಲ್ಕು ಕಾಲುಗಳು ನೆಲಕ್ಕೆ ಊರುವುದು ನಾಲ್ಕು ಬೇರೆ ಬೇರೆ ಸಮಯಗಳಲ್ಲಿ. ಒಂದು ಪಕ್ಕದ ಹಿಂಗಾಲು, ಅದೇ ಪಕ್ಕದ ಮುಂಗಾಲು, ಆಮೇಲೆ ಇನ್ನೊಂದು ಪಕ್ಕದ ಹಿಂಗಾಲು ಮತ್ತು ಮುಂಗಾಲು. ಎರಡು ಕಾಲಿನ ಆವರ್ತವನ್ನು ತಪ್ಪಿಲ್ಲದೆ ಮುಗಿಸಿದವರು ಸಂಜೆ ಎತ್ತು ಮನೆಗೆ ಬರುವಾಗ ಆ ಕ್ರಮವನ್ನು ಬರೆದುಕೊಂಡು ಬಂದರೆ, ಮುಂದಿನ ಪಾಠವನ್ನು ಅಲ್ಲಿಂದಲೇ ಆರಂಭಿಸಬಹುದು.